ಪಾಲುದಾರನ ಸೇರ್ಪಡೆ ಅಧ್ಯಾಯಕ್ಕೆ ಕಾರ್ನೆಲ್ ನೋಟ್ಸ್ ಮಾಡಿದೆ: ಹಾಳೆ, ಕಾಲಂ, ಪರದಾಟ

ದ್ವಿತೀಯ ಪಿಯುಸಿ ಅಕೌಂಟೆನ್ಸಿಯಲ್ಲಿ ಹೊಸ ಪಾಲುದಾರ ಸೇರುವ ಅಧ್ಯಾಯ ಇದೆಯಲ್ಲ, ಅದರ ಕಾರ್ನೆಲ್ ನೋಟ್ಸ್ ಈಗಷ್ಟೇ ಮುಗಿಸಿದ್ದೇನೆ. ಬೆರಳಲ್ಲಿ ಇನ್ನೂ ಪೆನ್ನಿನ ಗುರುತು ಹೋಗಿಲ್ಲ. ಈ ಪದ್ಧತಿ ಬಗ್ಗೆ ಸಿಗುವ ಮಾಹಿತಿಯೆಲ್ಲ ಇತಿಹಾಸ, ಜೀವಶಾಸ್ತ್ರದಂಥ ವಿಷಯಗಳಿಗೆ ಸರಿಹೊಂದುತ್ತದೆ. ಲೆಕ್ಕ ಇರುವ ಪುಸ್ತಕಕ್ಕೆ ಅದನ್ನು ಹಾಗೇ ಹಾಕಿದರೆ ಅರ್ಧ ದಾರಿಯಲ್ಲಿ ಕೈಕೊಡುತ್ತದೆ. ಎಲ್ಲಿ ಕೈಕೊಡುತ್ತದೆ, ಅಲ್ಲಿ ನಾನು ಏನು ಮಾಡಿದೆ ಅನ್ನೋದನ್ನು ಬರೆದಿಡುತ್ತೇನೆ. ಇದೇ ಅಧ್ಯಾಯ ಹಿಡಿದು ಕೂತವರಿಗೆ ಒಂದಷ್ಟು ಹಾಳೆಯಾದರೂ ಉಳಿಯಲಿ.

ಗೊತ್ತಿಲ್ಲದವರಿಗೆ ಮೊದಲು ಹಾಳೆಯ ರೂಪ ಹೇಳಿಬಿಡುತ್ತೇನೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಪಾಕ್ ಎಂಬ ಮೇಷ್ಟ್ರು 1950ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಹಾಳೆಯಲ್ಲಿ ಮೂರು ಜಾಗ. ಎಡಗಡೆ ಎರಡೂವರೆ ಇಂಚಿನ ಕಿರಿದಾದ ಕಾಲಂ, ಬಲಗಡೆ ಆರು ಇಂಚಿನ ಅಗಲದ ಕಾಲಂ, ಕೆಳಗೆ ಎರಡು ಇಂಚಿನ ಅಡ್ಡ ಪಟ್ಟಿ. ಬಲಗಡೆ ನೋಟ್ಸ್. ಎಡಗಡೆ ಕ್ಯೂ, ಅಂದರೆ ಬಲಗಡೆ ಇರುವುದನ್ನು ನೆನಪಿಗೆ ಎಳೆದು ತರುವ ಪ್ರಶ್ನೆ ಅಥವಾ ಸುಳಿವು. ಕೆಳಗಿನ ಪಟ್ಟಿಯಲ್ಲಿ ಆ ಹಾಳೆಯ ಸಾರಾಂಶ. ಬಲಗಡೆಯನ್ನು ಮುಚ್ಚಿಕೊಂಡು, ಎಡಗಡೆ ನೋಡಿ ಉತ್ತರ ಹೇಳಬೇಕು. ಇಡೀ ವಿಧಾನ ನಿಂತಿರುವುದೇ ಈ ಮುಚ್ಚಿಕೊಳ್ಳುವುದರ ಮೇಲೆ. ಗೆರೆ ಎಳೆದು, ಚೆಂದ ಬರೆದು, ಒಮ್ಮೆಯೂ ಮುಚ್ಚಿ ನೋಡದಿದ್ದರೆ ಅದು ಬರೀ ಮಾರ್ಜಿನ್ ದೊಡ್ಡದಿರುವ ನೋಟ್ಸ್ ಅಷ್ಟೇ.

ಪಾಕ್ ಇದನ್ನು ಮುಖ್ಯವಾಗಿ ಕ್ಲಾಸಿನಲ್ಲಿ ಪಾಠ ಕೇಳುತ್ತಾ ಬರೆಯುವವರಿಗೆ ಹೇಳಿದ್ದು. ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದ್ದು ಗಾಳಿಗೆ ಹೋಗುತ್ತದೆ, ಅದಕ್ಕೇ ಹಿಡಿದಿಡಬೇಕು. ಪುಸ್ತಕ ಎಲ್ಲೂ ಹೋಗಲ್ಲ. ಹಾಗಾಗಿ ಪುಸ್ತಕದಿಂದ ಮಾಡುವಾಗ ಬಲಗಡೆ ಕಾಲಂಗೆ ಎಲ್ಲವನ್ನೂ ಇಳಿಸುವ ಅಗತ್ಯವೇ ಇಲ್ಲ. ಇದು ನನಗೆ ಅರ್ಥವಾಗಿದ್ದು ನಮ್ಮಕ್ಕ ಮೊದಲ ಹಾಳೆ ನೋಡಿದಾಗ. ಅವಳು ಬಿ.ಕಾಂ. ಮುಗಿಸಿ ಒಬ್ಬ ಆಡಿಟರ್ ಹತ್ತಿರ ಕೆಲಸ ಮಾಡುತ್ತಾಳೆ.

"ಏನೋ ಇದು, ಪುಸ್ತಕಾನೇ ಇಳಿಸ್ತಿದ್ದೀಯ? ಜೆರಾಕ್ಸ್ ಮಾಡ್ಸಿದ್ರೆ ಎರಡು ರೂಪಾಯಿಲಿ ಮುಗೀತಿತ್ತಲ್ಲ" ಅಂದಳು.

ಸಾಮಾನಿನ ವಿಷಯಕ್ಕೆ ಬರೋಣ. ಉದ್ದದ ನೋಟ್‌ಬುಕ್ಕಿನಲ್ಲಿ ಇದನ್ನು ಮಾಡಲು ಹೋಗಬೇಡಿ. ಅದರ ಅಗಲ ಸಾಲುವುದಿಲ್ಲ. ಕ್ಯೂಗೆ ಆರು ಸೆಂಟಿಮೀಟರ್ ಬಿಟ್ಟರೆ ಜರ್ನಲ್ ಎಂಟ್ರಿ ಬರೆಯಲು ಬಲಗಡೆ ಜಾಗವೇ ಇರಲ್ಲ. ಎ4 ಅಳತೆಯ ಗೆರೆ ಹಾಕಿದ ಬಿಡಿ ಹಾಳೆ ತಗೊಳ್ಳಿ. ಅದರ ಅಗಲ 21 ಸೆಂಟಿಮೀಟರ್. ಎಡಕ್ಕೆ 6, ಬಲಕ್ಕೆ 15 ಅಂತ ಸುಲಭವಾಗಿ ಭಾಗ ಆಗುತ್ತದೆ. ಕೆಳಗೆ 5 ಸೆಂಟಿಮೀಟರ್ ಪಟ್ಟಿ. ಆದರೆ ಒಂದು ಎಡವಟ್ಟು ಕಾದಿರುತ್ತದೆ. ಹಾಳೆಗಳನ್ನು ಫೈಲಿಗೆ ಹಾಕಲು ಪಂಚ್ ಮಾಡಿದರೆ ತೂತು ಬೀಳುವುದು ಕ್ಯೂ ಕಾಲಂ ಮೇಲೇ. ಒಂದೂವರೆ ಸೆಂಟಿಮೀಟರ್ ಅಲ್ಲೇ ಹೋಯಿತು. ಅದಕ್ಕೆ ಎಡಕ್ಕೆ ಏಳು ಬಿಟ್ಟು, ಅದರಲ್ಲಿ ಮೊದಲ ಒಂದೂವರೆ ಖಾಲಿ ಬಿಡಿ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ತೊಂದರೆ. ನಮ್ಮ ಪದಗಳು ಉದ್ದ. 'ಮರುಮೌಲ್ಯಮಾಪನ' ಅಂತ ಬರೆದರೆ ಕಿರಿದಾದ ಕಾಲಂನಲ್ಲಿ ಒಂದು ಸಾಲು ಮುಗಿದೇಹೋಯಿತು. ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದು ಅಲ್ಲಿನ ಅಕ್ಷರಕ್ಕೆ ತಗಲುತ್ತದೆ. ನಾನು ಕ್ಯೂ ಕಾಲಂನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಬರೆದೆ. ಖಾತೆಗಳ ಹೆಸರನ್ನು ಮಾತ್ರ ಪುಸ್ತಕದಲ್ಲಿ ಇರುವ ಹಾಗೇ ಇಟ್ಟುಕೊಂಡೆ, ಏಕೆಂದರೆ ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಅದೇ. ವಿವರಣೆಯೆಲ್ಲ ನನ್ನ ಕನ್ನಡದಲ್ಲಿ.

ಖರ್ಚು ಅಂತ ಹೆಚ್ಚೇನೂ ಆಗಲಿಲ್ಲ. ಹಾಳೆ, ಒಂದು ನೀಲಿ ಪೆನ್ನು, ಒಂದು ಪೆನ್ಸಿಲ್, ಸ್ಕೇಲು. ಸ್ಟೇಷನರಿ ಅಂಗಡಿಯವರು ಬಣ್ಣಬಣ್ಣದ ಹೈಲೈಟರ್ ಸೆಟ್ ತೋರಿಸಿದರು. ಬೇಡ ಅಂದೆ. ಮುಚ್ಚಿಡಬೇಕಾದ ಭಾಗಕ್ಕೆ ಬಣ್ಣ ಯಾಕೆ?

ಈಗ ಅಧ್ಯಾಯ. ಇದು ಉದ್ದದ ಅಧ್ಯಾಯ. ಪುಸ್ತಕದ ಪುಟ ಮುಗಿದಲ್ಲಿ ನನ್ನ ಹಾಳೆಯೂ ಮುಗಿಯುವ ಹಾಗೆ ಹೋದರೆ ಎಲ್ಲವೂ ಕಲಸಿಹೋಗುತ್ತದೆ. ಬರೆಯುವ ಮೊದಲು ಇಡೀ ಅಧ್ಯಾಯವನ್ನು ಪೆನ್ನು ಮುಟ್ಟದೆ ಓದಿದೆ. ಬೇಜಾರಿನ ಕೆಲಸ. ಕೈ ಕಡಿಯುತ್ತಿರುತ್ತದೆ, ಏನೂ ಮುಂದೆ ಹೋಗುತ್ತಿಲ್ಲ ಅನ್ನಿಸುತ್ತದೆ. ಆದರೆ ಓದಿ ಮುಗಿದಾಗ ಅಧ್ಯಾಯ ತಾನೇ ತುಂಡಾಗುತ್ತದೆ: ಹೊಸ ಲಾಭದ ರೇಷಿಯೋ, ತ್ಯಾಗದ ರೇಷಿಯೋ, ಗುಡ್‌ವಿಲ್, ಹಳೆಯ ರಿಸರ್ವ್‌ಗಳು, ಆಸ್ತಿ ಮತ್ತು ಹೊಣೆಯ ಮರುಮೌಲ್ಯಮಾಪನ, ಕೊನೆಗೆ ಬಂಡವಾಳದ ಹೊಂದಾಣಿಕೆ. ಒಂದು ತುಂಡಿಗೆ ಒಂದು ಹಾಳೆ. ಗುಡ್‌ವಿಲ್‌ಗೆ ಮಾತ್ರ ಎರಡು ಬೇಕಾಯಿತು.

ಮೊದಲ ಹಾಳೆ ಹೇಗಾಯಿತು ಅಂತ ಪೂರ್ತಿ ಹೇಳುತ್ತೇನೆ. ಉಳಿದವು ಅದೇ ದಾರಿ.

ಹೊಸ ರೇಷಿಯೋದ ಭಾಗ ಓದಿ ಪುಸ್ತಕ ಮುಚ್ಚಿದೆ. ಆಮೇಲೆ ಬಲಗಡೆ ಬರೆದೆ. ಹೊಸಬ ಬಂದರೆ ಅವನ ಪಾಲು ಆಕಾಶದಿಂದ ಬರಲ್ಲ, ಹಳಬರು ತಮ್ಮ ಪಾಲಿನಿಂದ ಬಿಟ್ಟುಕೊಡಬೇಕು. ಹಳೆಯ ಪಾಲಿನಿಂದ ಬಿಟ್ಟದ್ದನ್ನು ಕಳೆದರೆ ಹೊಸ ಪಾಲು. ಇಷ್ಟೇ ತತ್ವ. ಬದಲಾಗುವುದು ಯಾರು ಎಷ್ಟು ಬಿಟ್ಟರು ಅನ್ನೋದು ಮಾತ್ರ. ಪುಸ್ತಕದಲ್ಲಿ ಪ್ರತಿ ಬಗೆಗೂ ಬೇರೆ ಹೆಸರು, ಬೇರೆ ಅಂಕಿ ಇರುವ ಉದಾಹರಣೆ ಇರುತ್ತದೆ. ಅವನ್ನು ಹಾಗೇ ಇಳಿಸಿದರೆ ವ್ಯತ್ಯಾಸ ಎಲ್ಲಿದೆ ಅಂತ ಕಾಣುವುದೇ ಇಲ್ಲ. ಅದಕ್ಕೆ ನಾನು ಒಂದೇ ಸಂಸ್ಥೆ ಇಟ್ಟುಕೊಂಡೆ. ಅನಿಲ್ ಮತ್ತು ಬಸವ, 3:2ರಲ್ಲಿ ಲಾಭ ಹಂಚಿಕೊಳ್ಳುವವರು. ಸೇರುವವನು ಚೇತನ್, ಅವನ ಪಾಲು 1/5. ಎಲ್ಲ ಹಾಳೆಯಲ್ಲೂ ಇವರೇ.

ಪ್ರಶ್ನೆಯಲ್ಲಿ ಚೇತನ್ ಪಾಲು 1/5 ಅಂತ ಮಾತ್ರ ಇದ್ದು ಬೇರೇನೂ ಹೇಳದಿದ್ದರೆ, ಉಳಿದ 4/5 ಅನ್ನು ಹಳಬರು ಹಳೆಯ ರೇಷಿಯೋದಲ್ಲೇ ಹಂಚಿಕೊಳ್ಳುತ್ತಾರೆ. ಅನಿಲ್‌ಗೆ 4/5 × 3/5 = 12/25, ಬಸವನಿಗೆ 4/5 × 2/5 = 8/25, ಚೇತನ್‌ಗೆ 5/25. ಹೊಸ ರೇಷಿಯೋ 12:8:5. ಇಬ್ಬರೂ ಸಮವಾಗಿ ಬಿಟ್ಟುಕೊಟ್ಟರು ಅಂದರೆ ಒಬ್ಬೊಬ್ಬರದು 1/10. ಅನಿಲ್ 6/10ರಿಂದ 5/10ಕ್ಕೆ, ಬಸವ 4/10ರಿಂದ 3/10ಕ್ಕೆ ಇಳಿಯುತ್ತಾರೆ. ಹೊಸ ರೇಷಿಯೋ 5:3:2. ಪೂರ್ತಿ ಅನಿಲ್ ಒಬ್ಬನೇ ಬಿಟ್ಟರೆ 2:2:1.

ನಾಲ್ಕನೆಯ ಬಗೆ ಇದೆಯಲ್ಲ, ಅದೇ ಎಲ್ಲರನ್ನೂ ಕೆಡವುವುದು. ಅನಿಲ್ ತನ್ನ ಪಾಲಿನ 1/3 ಭಾಗ, ಬಸವ ತನ್ನ ಪಾಲಿನ 1/4 ಭಾಗ ಬಿಟ್ಟುಕೊಡುತ್ತಾರೆ ಅಂತ ಪ್ರಶ್ನೆ. ಇಲ್ಲಿ ಚೇತನ್ ಪಾಲು ಎಷ್ಟು ಅಂತ ಮೊದಲೇ ಹೇಳಿರುವುದಿಲ್ಲ, ನಾವೇ ಕಂಡುಹಿಡಿಯಬೇಕು. 3/5ರಿಂದ ನೇರವಾಗಿ 1/3 ಕಳೆದರೆ ತಪ್ಪು. ಅವನ ಪಾಲಿನ ಮೂರನೇ ಒಂದು ಅಂದರೆ 3/5 × 1/3 = 1/5. ಬಸವನದು 2/5 × 1/4 = 1/10. ಎರಡೂ ಸೇರಿ ಚೇತನ್‌ಗೆ 3/10. ಅನಿಲ್‌ಗೆ ಉಳಿದದ್ದು 4/10, ಬಸವನಿಗೆ 3/10. ಹೊಸ ರೇಷಿಯೋ 4:3:3. ಗುಣಿಸಬೇಕೋ, ನೇರವಾಗಿ ಕಳೆಯಬೇಕೋ ಅನ್ನೋದನ್ನು ಪ್ರಶ್ನೆ ಓದುವಾಗಲೇ ತೀರ್ಮಾನ ಮಾಡಬೇಕು. ತಪ್ಪಾಯಿತಾ ಅಂತ ನೋಡಲು ಮೂವರ ಪಾಲು ಕೂಡಿಸಿ. ಮೊತ್ತ ಒಂದಾಗಬೇಕು. ಆದರೆ ಹುಷಾರು, ತಪ್ಪು ದಾರಿ ಹಿಡಿದರೂ ಕೆಲವು ಸಲ ಮೊತ್ತ ಒಂದೇ ಬರುತ್ತದೆ. ಯಾಕೆಂದರೆ ಹಳಬರಿಂದ ಕಳೆದದ್ದನ್ನೇ ನಾವು ಹೊಸಬನಿಗೆ ಕೊಟ್ಟಿರುತ್ತೇವೆ.

ಇಷ್ಟು ಬರೆದು ನಿಲ್ಲಿಸಿದೆ. ಕ್ಯೂ ಕಾಲಂ ಖಾಲಿ. ಅದನ್ನು ಆಗಲೇ ತುಂಬಬೇಡಿ ಅಂತ ನಮ್ಮ ಲೆಕ್ಚರರ್ ಮೊದಲೇ ಹೇಳಿದ್ದರು. "ಬರೆದ ತಕ್ಷಣ ಎಲ್ಲಾ ಗೊತ್ತಿರೋ ಹಾಗೆ ಅನ್ಸುತ್ತಪ್ಪ. ಒಂದು ರಾತ್ರಿ ಕಳೀಲಿ. ಬೆಳಿಗ್ಗೆ ಯಾವುದು ಮರ್ತಿದೆಯೋ ಅದನ್ನೇ ಪ್ರಶ್ನೆ ಮಾಡು" ಅಂದಿದ್ದರು. ಖಾಲಿ ಕಾಲಂ ನೋಡುತ್ತಾ ಮಲಗುವುದು ಕಷ್ಟ. ಆದರೂ ಕಾಯಿರಿ. ಇಡೀ ಕೆಲಸದಲ್ಲಿ ಕಾಯುವುದು ಇದೊಂದೇ, ಬಿಟ್ಟರೆ ನಷ್ಟ.

ಮರುದಿನ ಕ್ಯೂ ಬರೆಯುವಾಗ ಕೈ ತಾನಾಗಿ ಹೋಗುವುದು ಶೀರ್ಷಿಕೆಗಳ ಕಡೆಗೆ. 'ಹೊಸ ರೇಷಿಯೋ', 'ಮೊದಲ ಬಗೆ', 'ಎರಡನೇ ಬಗೆ'. ಇವು ಕ್ಯೂ ಅಲ್ಲ, ಹಣೆಪಟ್ಟಿ. 'ಎರಡನೇ ಬಗೆ' ಅಂತ ನೋಡಿದರೆ 'ಹೌದು, ಅದು ಗೊತ್ತು' ಅನ್ನಿಸಿ ಮುಂದೆ ಹೋಗುತ್ತೇವೆ. ನಾನು ಒಂದು ಪರೀಕ್ಷೆ ಇಟ್ಟುಕೊಂಡೆ. ಈ ಕ್ಯೂಗೆ ತಪ್ಪು ಉತ್ತರ ಹೇಳಲು ಸಾಧ್ಯವಾ? ಸಾಧ್ಯ ಇದ್ದರೆ ಅದು ನಿಜವಾದ ಪ್ರಶ್ನೆ. 'ಎರಡನೇ ಬಗೆ'ಗೆ ತಪ್ಪು ಉತ್ತರವೇ ಇಲ್ಲ, ಹಾಗಾಗಿ ಹೊಡೆದುಹಾಕಿದೆ.

ಲೆಕ್ಕದ ಅಧ್ಯಾಯಕ್ಕೆ ಅತಿ ಚೆನ್ನಾಗಿ ಕೂರುವ ಕ್ಯೂ ಅಂದರೆ ಪುಟಾಣಿ ಲೆಕ್ಕ. ಮೊದಲ ಹಾಳೆಯ ಎಡಗಡೆ ಈಗ ಹೀಗಿದೆ: '3:2, ಚೇತನ್ 1/5, ಬೇರೇನೂ ಹೇಳಿಲ್ಲ. ಹೊಸ ರೇಷಿಯೋ?' ಅದರ ಕೆಳಗೆ 'ಸಮವಾಗಿ ಬಿಟ್ಟರೆ?' ಅದರ ಕೆಳಗೆ 'ತನ್ನ ಪಾಲಿನ 1/3, 1/4 ಬಿಟ್ಟರೆ? ಮೊದಲ ಹೆಜ್ಜೆ ಏನು?' ಕೊನೆಗೆ 'ಕೂಡಿದಾಗ ಒಂದು ಬಂದರೂ ಯಾಕೆ ನಂಬಬಾರದು?' ಪ್ರತಿ ಕ್ಯೂ ಅದರ ಉತ್ತರ ಇರುವ ಸಾಲಿನ ಎದುರೇ ಇರಬೇಕು. ಇಲ್ಲದಿದ್ದರೆ ಕಾಗದ ಸರಿಸಿ ಉತ್ತರ ನೋಡುವಾಗ ಮುಂದಿನದೂ ಕಂಡುಬಿಡುತ್ತದೆ.

ತ್ಯಾಗದ ರೇಷಿಯೋ ಹಾಳೆ ಬೇಗ ಮುಗಿಯಿತು. ಹಳೆಯ ಪಾಲಿನಿಂದ ಹೊಸ ಪಾಲು ಕಳೆದರೆ ತ್ಯಾಗ. ಮೇಲಿನ ಬಗೆಗಳಲ್ಲಿ ಮೊದಲನೆಯದಕ್ಕೆ 3:2, ಎರಡನೆಯದಕ್ಕೆ 1:1, ಮೂರನೆಯದಕ್ಕೆ ಪೂರ್ತಿ ಅನಿಲ್, ನಾಲ್ಕನೆಯದಕ್ಕೆ 2:1. ಬೇರೇನೂ ಹೇಳದಿದ್ದಾಗ ತ್ಯಾಗದ ರೇಷಿಯೋ ಹಳೆಯ ರೇಷಿಯೋಗೆ ಸಮ ಬರುತ್ತದೆ ಅನ್ನೋದನ್ನು ಗುರುತು ಹಾಕಿಕೊಳ್ಳಿ. ತುಂಬ ಜನ ಅದನ್ನೇ ಎಲ್ಲ ಕಡೆಗೂ ನಿಯಮ ಅಂತ ಹಿಡಿದುಬಿಡುತ್ತಾರೆ.

ಗುಡ್‌ವಿಲ್ ಹಾಳೆಗಳಲ್ಲಿ ನಿಜವಾದ ಪರದಾಟ ಶುರುವಾಯಿತು. ಇಲ್ಲಿ ಜರ್ನಲ್ ಎಂಟ್ರಿಗಳು ಬರುತ್ತವೆ. ಪುಸ್ತಕದ ಹಾಗೆ ದಿನಾಂಕ, ವಿವರ, ಎಲ್.ಎಫ್., ಡೆಬಿಟ್, ಕ್ರೆಡಿಟ್ ಅಂತ ಐದು ಕಾಲಂ ಎಳೆದರೆ ಹದಿನಾಲ್ಕು ಸೆಂಟಿಮೀಟರ್‌ನಲ್ಲಿ ಏನೂ ಹಿಡಿಯಲ್ಲ. ಕೊನೆಗೆ ದಿನಾಂಕ, ಎಲ್.ಎಫ್. ಕಾಲಂ ತೆಗೆದುಹಾಕಿದೆ. ಡೆಬಿಟ್ ಖಾತೆ ಒಂದು ಸಾಲು, ಕ್ರೆಡಿಟ್ ಖಾತೆ ಸ್ವಲ್ಪ ಒಳಗೆ ಸರಿಸಿ ಇನ್ನೊಂದು ಸಾಲು, ಮೊತ್ತ ತುದಿಯಲ್ಲಿ. ವಿವರಣೆಯ ವಾಕ್ಯ ಬರೆಯಲೇ ಇಲ್ಲ, ಯಾಕೆಂದರೆ ಅದನ್ನೇ ಕ್ಯೂ ಮಾಡಿದೆ. 'ಚೇತನ್ ತನ್ನ ಪಾಲಿನ ಗುಡ್‌ವಿಲ್ ನಗದಾಗಿ ತಂದ' ಅಂತ ಎಡಗಡೆ, ಎಂಟ್ರಿ ಬಲಗಡೆ. ಪರೀಕ್ಷೆಯಲ್ಲಿ ಬರುವುದೂ ಅದೇ ಕ್ರಮದಲ್ಲಿ ಅಲ್ವಾ? ವಾಕ್ಯ ಕೊಟ್ಟು ಎಂಟ್ರಿ ಕೇಳುತ್ತಾರೆ.

ಅಂಕಿ ಹಾಕಿದರೆ ಹೀಗೆ. ಸಂಸ್ಥೆಯ ಗುಡ್‌ವಿಲ್ 1,50,000 ರೂಪಾಯಿ ಅಂದುಕೊಳ್ಳಿ. ಚೇತನ್ ಪಾಲು 1/5, ಹಾಗಾಗಿ ಅವನು ತರಬೇಕಾದದ್ದು 30,000. ಬ್ಯಾಂಕ್ ಖಾತೆ ಡೆಬಿಟ್, ಪ್ರೀಮಿಯಂ ಫಾರ್ ಗುಡ್‌ವಿಲ್ ಖಾತೆ ಕ್ರೆಡಿಟ್. ಆಮೇಲೆ ಪ್ರೀಮಿಯಂ ಖಾತೆಯನ್ನು ಡೆಬಿಟ್ ಮಾಡಿ ಹಳಬರ ಬಂಡವಾಳ ಖಾತೆಗಳಿಗೆ ಕ್ರೆಡಿಟ್. ತ್ಯಾಗ 3:2 ಇದ್ದರೆ ಅನಿಲ್‌ಗೆ 18,000, ಬಸವನಿಗೆ 12,000. ಸಮವಾಗಿ ಬಿಟ್ಟಿದ್ದರೆ ತಲಾ 15,000. ಪೂರ್ತಿ ಅನಿಲ್ ಬಿಟ್ಟಿದ್ದರೆ 30,000 ಅವನಿಗೇ, ಬಸವನಿಗೆ ಒಂದು ಪೈಸೆಯೂ ಇಲ್ಲ. ಮೂರೂ ಸಾಲನ್ನು ಒಂದರ ಕೆಳಗೊಂದು ಬರೆದಾಗ ನನಗೆ ಮೊದಲ ಸಲ ಅರ್ಥವಾಯಿತು, ಇದು ಸುಮ್ನೆ ಹಂಚಿಕೆ ಅಲ್ಲ, ಬಿಟ್ಟುಕೊಟ್ಟವನಿಗೆ ಸಿಗುವ ಬೆಲೆ ಅಂತ.

ಚೇತನ್ ಆ ಹಣವನ್ನು ಸಂಸ್ಥೆಗೆ ತಾರದೆ ಅನಿಲ್ ಮತ್ತು ಬಸವನ ಕೈಗೇ ಖಾಸಗಿಯಾಗಿ ಕೊಟ್ಟರೆ ಸಂಸ್ಥೆಯ ಲೆಕ್ಕದ ಪುಸ್ತಕದಲ್ಲಿ ಎಂಟ್ರಿಯೇ ಇಲ್ಲ. ತರಲೇ ಇಲ್ಲ ಅಂದರೆ ಅವನ ಕರೆಂಟ್ ಖಾತೆಗೆ ಡೆಬಿಟ್ ಮಾಡಿ ಹಳಬರಿಗೆ ಕ್ರೆಡಿಟ್. ಬ್ಯಾಲೆನ್ಸ್ ಶೀಟಿನಲ್ಲಿ ಮೊದಲೇ ಗುಡ್‌ವಿಲ್ ಇದ್ದರೆ ಅದನ್ನು ಹಳಬರು ಹಳೆಯ ರೇಷಿಯೋದಲ್ಲಿ ತೆಗೆದುಹಾಕಬೇಕು. ಅಕೌಂಟಿಂಗ್ ಸ್ಟ್ಯಾಂಡರ್ಡ್ 26ರ ಪ್ರಕಾರ ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕದಲ್ಲಿ ಇರಬಹುದು. ಸಂಸ್ಥೆ ತಾನೇ ಬೆಳೆಸಿಕೊಂಡ ಹೆಸರಿಗೆ ಬೆಲೆ ಕಟ್ಟಿ ಆಸ್ತಿ ಅಂತ ತೋರಿಸುವ ಹಾಗಿಲ್ಲ. ಹಾಗಾಗಿಯೇ ಈ ಹೊಂದಾಣಿಕೆಯೆಲ್ಲ ಬಂಡವಾಳ ಖಾತೆಗಳ ಮೂಲಕ ನಡೆಯುತ್ತದೆ.

ಎರಡನೇ ಗುಡ್‌ವಿಲ್ ಹಾಳೆ ಬೇಕಾದದ್ದು ಒಂದೇ ಒಂದು ಸಂಗತಿಗೆ. ಕೆಲವು ಲೆಕ್ಕದಲ್ಲಿ ಹೊಸ ರೇಷಿಯೋ ನೇರವಾಗಿ ಕೊಟ್ಟಿರುತ್ತಾರೆ. ಹಳೆಯದು 3:2, ಹೊಸದು 2:3:1 ಅಂತ ಇಟ್ಟುಕೊಳ್ಳಿ. ಅನಿಲ್ 18/30ರಿಂದ 10/30ಕ್ಕೆ ಇಳಿದ, ತ್ಯಾಗ 8/30. ಬಸವ 12/30ರಿಂದ 15/30ಕ್ಕೆ ಏರಿದ! ಅವನು ತ್ಯಾಗ ಮಾಡಿಲ್ಲ, 3/30 ಗಳಿಸಿದ್ದಾನೆ. ಅಂದರೆ ಅನಿಲ್‌ಗೆ ಬೆಲೆ ಕೊಡಬೇಕಾದವರು ಇಬ್ಬರು. 1,50,000ದಲ್ಲಿ ಚೇತನ್ 25,000 ತರುತ್ತಾನೆ, ಬಸವನ ಬಂಡವಾಳ ಖಾತೆಗೆ 15,000 ಡೆಬಿಟ್, ಅನಿಲ್‌ಗೆ 40,000 ಕ್ರೆಡಿಟ್. ಹಳಬ ಅಂದಮೇಲೆ ಕ್ರೆಡಿಟ್ಟೇ ಅಂತ ಕೈ ರೂಢಿಯಾಗಿರುವವರು ಇಲ್ಲಿ ಬೀಳುತ್ತಾರೆ. ಇದರ ಕ್ಯೂ: 'ಹಳೆಯ ಪಾಲುದಾರನಿಗೆ ಯಾವಾಗ ಡೆಬಿಟ್?'

ರಿಸರ್ವ್ ಹಾಳೆ ಚಿಕ್ಕದು. ಜನರಲ್ ರಿಸರ್ವ್ 50,000 ಇದ್ದರೆ ಅನಿಲ್‌ಗೆ 30,000, ಬಸವನಿಗೆ 20,000. ಹಳೆಯ ರೇಷಿಯೋ. ಲಾಭ ನಷ್ಟ ಖಾತೆಯ ಹಳೆಯ ಬಾಕಿಯೂ ಹೀಗೇ, ನಷ್ಟವಾದರೆ ಡೆಬಿಟ್. ಅಷ್ಟೇ.

ಮರುಮೌಲ್ಯಮಾಪನದ ಹಾಳೆಯಲ್ಲಿ ಹಾಳೆಯೇ ಸೋತಿತು. ರಿವ್ಯಾಲ್ಯುವೇಶನ್ ಖಾತೆಗೆ ಎರಡು ಬದಿ ಬೇಕು. ಬಲಗಡೆ ಕಾಲಂ ಒಳಗೆ ಅದನ್ನು ಎಳೆದರೆ ಅಕ್ಷರ ಇರುವೆ ಸಾಲಿನ ಹಾಗಾಗುತ್ತದೆ. ಹಾಳೆ ಅಡ್ಡ ಮಾಡಿದರೆ ಫೈಲಿನಲ್ಲಿ ಕೂರಲ್ಲ. ಕೊನೆಗೆ ಮುಂದಿನ ಬದಿಯಲ್ಲಿ ನಿಯಮ ಮಾತ್ರ ಬರೆದು, ಖಾತೆಯನ್ನು ಅದೇ ಹಾಳೆಯ ಹಿಂಬದಿಯಲ್ಲಿ ಪೂರ್ತಿ ಅಗಲಕ್ಕೆ ಎಳೆದೆ. ಹಿಂಬದಿ ಬೇರೆ ಯಾವುದಕ್ಕೂ ಬಳಸಿರಲಿಲ್ಲ, ಅದು ಉಪಯೋಗಕ್ಕೆ ಬಂತು. ಮುಂದೆ ಓದಿ ಹೇಳಿ, ತಿರುಗಿಸಿ ಸರಿ ನೋಡಿಕೊಳ್ಳಬಹುದು.

ಆ ಹಿಂಬದಿಯ ಲೆಕ್ಕ ಇದು. ಯಂತ್ರ 80,000, ಶೇಕಡಾ 10 ಇಳಿಕೆ, ಅಂದರೆ 8,000 ಡೆಬಿಟ್ ಬದಿಗೆ. ಕಟ್ಟಡ 2,00,000, ಶೇಕಡಾ 10 ಏರಿಕೆ, ಅಂದರೆ 20,000 ಕ್ರೆಡಿಟ್ ಬದಿಗೆ. ಸಾಲಗಾರರು 40,000, ಅನುಮಾನದ ಸಾಲಕ್ಕೆ ಶೇಕಡಾ 5 ಪ್ರಾವಿಷನ್ ಇರಬೇಕು, ಈಗಾಗಲೇ 500 ಇದೆ. ಬೇಕಾದದ್ದು 2,000, ಹಾಗಾಗಿ ಈಗ ಸೇರಿಸುವುದು 1,500 ಮಾತ್ರ. ಬ್ಯಾಲೆನ್ಸ್ ಶೀಟಿನ ಮೂಲೆಯಲ್ಲಿರುವ ಆ 500 ಕಣ್ಣು ತಪ್ಪಿಸಿಕೊಂಡರೆ ಇಡೀ ಲೆಕ್ಕ ಹೊಂದಲ್ಲ. ಡೆಬಿಟ್ ಬದಿ 9,500, ಕ್ರೆಡಿಟ್ ಬದಿ 20,000, ಲಾಭ 10,500. ಅನಿಲ್‌ಗೆ 6,300, ಬಸವನಿಗೆ 4,200. ಚೇತನ್‌ಗೆ ಏನೂ ಇಲ್ಲ.

ಇಲ್ಲಿಗೆ ಬಂದಾಗ ಒಂದು ಕ್ಯೂ ಮತ್ತೆ ಮತ್ತೆ ಬರುತ್ತಿದೆ ಅಂತ ಗಮನಕ್ಕೆ ಬಂತು. ಯಾವ ಮೊತ್ತ ಯಾವ ರೇಷಿಯೋದಲ್ಲಿ? ರಿಸರ್ವ್ ಹಳೆಯದರಲ್ಲಿ, ಮರುಮೌಲ್ಯಮಾಪನದ ಲಾಭ ಹಳೆಯದರಲ್ಲಿ, ಮೊದಲಿದ್ದ ಗುಡ್‌ವಿಲ್ ತೆಗೆಯುವುದು ಹಳೆಯದರಲ್ಲಿ, ಹೊಸಬ ತರುವ ಗುಡ್‌ವಿಲ್ ಮಾತ್ರ ತ್ಯಾಗದ್ದರಲ್ಲಿ. ಬಾಯಿಪಾಠ ಮಾಡಿದರೆ ಪರೀಕ್ಷೆ ಹೊತ್ತಿಗೆ ಅದಲು ಬದಲಾಗುತ್ತದೆ. ಅದಕ್ಕೆ ಪ್ರತಿ ಕಡೆ ಆ ಕ್ಯೂ ಪಕ್ಕ 'ಯಾಕೆ?' ಅಂತ ಸೇರಿಸಿದೆ. ಯಾಕೆ ಅಂದರೆ, ರಿಸರ್ವ್ ದುಡಿದದ್ದು ಚೇತನ್ ಬರುವ ಮೊದಲು. ಕಟ್ಟಡದ ಬೆಲೆ ಏರಿದ್ದೂ ಅವನು ಬರುವ ಮೊದಲು. ಆಗ ನಡೆಯುತ್ತಿದ್ದ ರೇಷಿಯೋ 3:2. ಗುಡ್‌ವಿಲ್ ಪ್ರೀಮಿಯಂ ಮಾತ್ರ ಮುಂದಿನ ಲಾಭ ಬಿಟ್ಟುಕೊಡುವುದಕ್ಕೆ ಸಿಗುವ ಹಣ, ಹಾಗಾಗಿ ಬಿಟ್ಟಷ್ಟು ಲೆಕ್ಕದಲ್ಲಿ. ಅಕ್ಕನಿಗೆ ಇದನ್ನು ಹೇಳಿದಾಗ, "ಹ್ಞಾಂ, ಇದೊಂದು ಗೊತ್ತಿದ್ರೆ ನಮ್ಮ ಆಫೀಸಿಗೂ ಸಾಕು ಬಿಡು" ಅಂದಳು.

ಸಾರಾಂಶದ ಪಟ್ಟಿಗೆ ನಾನು ಅತಿ ಜಾಸ್ತಿ ಹೊತ್ತು ತಗೊಂಡೆ. ಐದು ಸೆಂಟಿಮೀಟರ್ ಅಂದರೆ ಕನ್ನಡದಲ್ಲಿ ಐದಾರು ಸಾಲು. 'ಈ ಹಾಳೆಯಲ್ಲಿ ಗುಡ್‌ವಿಲ್ ಬಗ್ಗೆ ತಿಳಿದುಕೊಂಡೆವು' ಅಂತ ಬರೆದರೆ ಅದು ಸಾರಾಂಶ ಅಲ್ಲ, ಪರಿವಿಡಿ. ಪುಸ್ತಕ ಮುಚ್ಚಿ, ಬಲಗಡೆ ಕಾಲಂ ಮುಚ್ಚಿ, ಕ್ಯೂ ಮಾತ್ರ ನೋಡಿ ಬರೆಯಬೇಕು. ಬರೆಯಲು ಬರದಿದ್ದರೆ ಆ ಹಾಳೆ ಇನ್ನೂ ತಲೆಗೆ ಹೋಗಿಲ್ಲ ಅಂತ. ಗುಡ್‌ವಿಲ್ ಹಾಳೆಯ ಪಟ್ಟಿ ನನ್ನದು ಹೀಗಿದೆ:

'ಹೊಸಬ ಕೊಡುವ ಪ್ರೀಮಿಯಂ, ಪಾಲು ಬಿಟ್ಟವರಿಗೆ, ಬಿಟ್ಟಷ್ಟು ಲೆಕ್ಕದಲ್ಲಿ. ತಂದರೆ ಬ್ಯಾಂಕ್ ಡೆಬಿಟ್, ತಾರದಿದ್ದರೆ ಅವನ ಕರೆಂಟ್ ಖಾತೆ ಡೆಬಿಟ್, ಖಾಸಗಿಯಾಗಿ ಕೊಟ್ಟರೆ ಎಂಟ್ರಿ ಇಲ್ಲ. ಹಳಬನ ಪಾಲು ಏರಿದರೆ ಅವನೂ ಕೊಡಬೇಕು. ಪುಸ್ತಕದಲ್ಲಿ ಮೊದಲೇ ಇದ್ದ ಗುಡ್‌ವಿಲ್ ಹಳೆಯ ರೇಷಿಯೋದಲ್ಲಿ ಹೊರಗೆ.'

ಎಲ್ಲ ಹಾಳೆ ಮುಗಿದ ಮೇಲೆ ಮುಚ್ಚಿ ಹೇಳುವ ಕೆಲಸ. ಬಲಗಡೆಗೆ ಒಂದು ರಟ್ಟು ಇಟ್ಟು, ಕ್ಯೂ ಓದಿ, ಜೋರಾಗಿ ಉತ್ತರ ಹೇಳಿ, ಆಮೇಲೆ ರಟ್ಟು ಕೆಳಗೆ ಸರಿಸುವುದು. ಪುಟಾಣಿ ಲೆಕ್ಕ ಇರುವ ಕ್ಯೂಗೆ ಹೇಳಿದರೆ ಸಾಲದು, ರಫ್ ಹಾಳೆಯಲ್ಲಿ ಮಾಡಿ ನೋಡಬೇಕು. ತಪ್ಪಿದ ಕ್ಯೂ ಪಕ್ಕ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ. ಮುಂದಿನ ಸಲ ಚುಕ್ಕೆ ಇರುವವನ್ನು ಮೊದಲು. ಒಂದೇ ಕ್ಯೂ ಪಕ್ಕ ಚುಕ್ಕೆ ಸೇರುತ್ತಲೇ ಹೋದರೆ ತಪ್ಪು ಕ್ಯೂನದೇ ಇರಬಹುದು. ನನಗೆ ಬಂಡವಾಳ ಹೊಂದಾಣಿಕೆಯ ಹಾಳೆಯಲ್ಲಿ ಹಾಗಾಯಿತು. 'ಹೊಸಬನ ಬಂಡವಾಳ ಎಷ್ಟು?' ಅನ್ನೋ ಪ್ರಶ್ನೆಗೆ ಎರಡು ಉತ್ತರ ಇದೆ. ಹಳಬರ ಬಂಡವಾಳವನ್ನು ಆಧಾರ ಮಾಡಿ ಹೊಸಬನದು ಕಂಡುಹಿಡಿಯಬಹುದು, ಅಥವಾ ಹೊಸಬನದನ್ನು ಆಧಾರ ಮಾಡಿ ಹಳಬರದು ಸರಿಮಾಡಬಹುದು. ಒಂದು ಕ್ಯೂವನ್ನು ಎರಡು ಮಾಡಿ, ಪ್ರತಿಯೊಂದರಲ್ಲೂ ಯಾರದು ಆಧಾರ ಅಂತ ಹೇಳಿದ ಮೇಲೆ ಚುಕ್ಕೆ ನಿಂತಿತು.

ಈ ನೋಟ್ಸ್ ಏನು ಮಾಡಲ್ಲ ಅನ್ನೋದೂ ಹೇಳಬೇಕು. ಬ್ಯಾಲೆನ್ಸ್ ಶೀಟ್ ಕೊಟ್ಟು, ರಿವ್ಯಾಲ್ಯುವೇಶನ್ ಖಾತೆ, ಬಂಡವಾಳ ಖಾತೆ, ಹೊಸ ಬ್ಯಾಲೆನ್ಸ್ ಶೀಟ್ ಮೂರೂ ಕೇಳುವ ದೊಡ್ಡ ಲೆಕ್ಕಕ್ಕೆ ಬೇಕಾದ ವೇಗ ಇದರಿಂದ ಬರಲ್ಲ. ಅದಕ್ಕೆ ಹಳೆಯ ಪ್ರಶ್ನೆಪತ್ರಿಕೆ ಹಿಡಿದು, ಗಡಿಯಾರ ಇಟ್ಟುಕೊಂಡು, ಪೂರ್ತಿ ಲೆಕ್ಕ ಮಾಡಬೇಕು. ನಾನು ಹಾಗೆ ಮಾಡುವಾಗ ಎಲ್ಲಿ ತಡವರಿಸಿದೆನೋ ಆ ಜಾಗದ ಹೊಸ ಕ್ಯೂ ಬರೆದು ಸರಿಯಾದ ಹಾಳೆಗೆ ಸೇರಿಸಿದೆ. ಅದಕ್ಕಾಗಿಯೇ ಕ್ಯೂ ಕಾಲಂನ ಕೆಳಗಿನ ನಾಲ್ಕೈದು ಸಾಲು ಮೊದಲೇ ಖಾಲಿ ಬಿಡುವುದು ಒಳ್ಳೆಯದು. ಥಿಯರಿ ಪ್ರಶ್ನೆಗಳೂ ಅಲ್ಲಿಗೇ ಹೋಗುತ್ತವೆ. ಹೊಸ ಪಾಲುದಾರನನ್ನು ಸೇರಿಸಿಕೊಳ್ಳಲು, ಬೇರೆ ಒಪ್ಪಂದ ಇಲ್ಲದಿದ್ದರೆ, ಎಲ್ಲ ಹಳಬರ ಒಪ್ಪಿಗೆ ಬೇಕು ಅನ್ನುವ 1932ರ ಪಾಲುದಾರಿಕೆ ಕಾಯ್ದೆಯ 31ನೇ ಸೆಕ್ಷನ್ ಹಾಗೆ ನನ್ನ ಮೊದಲ ಹಾಳೆಯ ತಳದಲ್ಲಿ ಬಂದು ಕೂತಿದೆ.

ಮುಂದಿನದು ಪಾಲುದಾರನ ನಿವೃತ್ತಿ ಅಧ್ಯಾಯ. ಅಲ್ಲಿ ಹೋಗುವವನ ಪಾಲು ಉಳಿದವರಿಗೆ ಸೇರುತ್ತದೆ, ಹಾಗಾಗಿ ತ್ಯಾಗದ ಬದಲು ಗಳಿಕೆಯ ರೇಷಿಯೋ, ಹೊಸದರಿಂದ ಹಳೆಯದನ್ನು ಕಳೆಯುವುದು. ಅದೇ ಅನಿಲ್, ಬಸವ, ಚೇತನ್ ಇಟ್ಟುಕೊಳ್ಳಿ, 5:3:2ರಿಂದ ಶುರು ಮಾಡಿ, ಚೇತನ್‌ನನ್ನು ಹೊರಗೆ ಕಳಿಸಿ. ಗುಡ್‌ವಿಲ್ ಹಾಳೆಯನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಡೆಬಿಟ್ ಇದ್ದ ಕಡೆ ಕ್ರೆಡಿಟ್, ಕ್ರೆಡಿಟ್ ಇದ್ದ ಕಡೆ ಡೆಬಿಟ್ ಬರುವುದು ಕಾಣುತ್ತದೆ. ರಿಸರ್ವ್ ಮತ್ತು ಮರುಮೌಲ್ಯಮಾಪನದ ಹಾಳೆಗಳನ್ನು ಮತ್ತೆ ಬರೆಯುವುದೇ ಬೇಡ. ಹಂಚಿಕೊಳ್ಳುವವರ ಸಾಲಿಗೆ ಚೇತನ್ ಹೆಸರು ಸೇರಿಸಿದರೆ ಆಯಿತು, ಯಾಕೆಂದರೆ ಈ ಸಲ ಅವನೂ ಹಳಬ.